ಪಾಸ್‌ವರ್ಡ್ ಕೊಟ್ಟೆ, ಓಟಿಪಿ ಯಾರ ಫೋನಿಗೆ ಬರುತ್ತೆ?

ನಮಸ್ಕಾರ. ಮೈಸೂರಿನ ಒಂದು ಸೀರೆ ಅಂಗಡಿಯ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್ ಮೂರನ್ನೂ ಎರಡು ವರ್ಷ ನೋಡಿಕೊಂಡೆ. ಈ ಶನಿವಾರ ಕೊನೆ ದಿನ. ಹ್ಯಾಂಡೋವರ್ ನೋಟ್ ಬರೆಯುತ್ತಾ ಕೂತಿದ್ದೇನೆ. ನನ್ನ ಪ್ರಕಾರ ಅದರ ಮೊದಲ ಸಾಲಲ್ಲಿ ಪಾಸ್‌ವರ್ಡ್ ಇರಬಾರದು. ಓಟಿಪಿ ಯಾರ ನಂಬರಿಗೆ ಬರುತ್ತೆ ಅನ್ನೋದು ಇರಬೇಕು.

ನಾನು ಸೇರಿದಾಗ ನನ್ನ ಕೈಗೆ ಸಿಕ್ಕಿದ್ದು ಒಂದು ಹಾಳೆ. ಅದರಲ್ಲಿದ್ದ ಪಾಸ್‌ವರ್ಡ್ ಸರಿಯಾಗೇ ಇತ್ತು. ಆದರೆ ಇನ್‌ಸ್ಟಾಗ್ರಾಂ ಕೋಡ್ ಕೇಳಿತು. ಅದು ಹೋಗುತ್ತಿದ್ದದ್ದು ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ಹುಡುಗನ ಹಳೇ ನಂಬರಿಗೆ. ಆ ಸಿಮ್ ಅವನೇ ಬಿಸಾಡಿದ್ದ. ದಸರಾ ವ್ಯಾಪಾರದ ಸಮಯ, ಅಂಗಡಿ ತುಂಬಾ ಹೊಸ ಸ್ಟಾಕ್, ನಮ್ಮ ಪೇಜ್ ಮಾತ್ರ ಮೌನ. ಪುಣ್ಯಕ್ಕೆ ಅವನ ಹಳೇ ಫೋನಲ್ಲಿ ಅಕೌಂಟ್ ಲಾಗೌಟ್ ಆಗಿರಲಿಲ್ಲ. ಆಯುಧಪೂಜೆಗೆ ಊರಿಗೆ ಬಂದವನು ವೈಫೈಗೆ ಹಾಕಿ ನಂಬರ್ ಬದಲಿಸಿಕೊಟ್ಟ. ಅಷ್ಟೊತ್ತಿಗೆ ಜಂಬೂಸವಾರಿಗೆ ಒಂದೇ ದಿನ ಉಳಿದಿತ್ತು.

ಅದಕ್ಕೇ ಈಗ ಅಂಗಡಿ ಹೆಸರಲ್ಲೇ ಒಂದು ಸಿಮ್ ಇದೆ. ಕ್ಯಾಶ್ ಕೌಂಟರಿನ ಸಣ್ಣ ಫೋನಲ್ಲಿ ಅದು ಇರುತ್ತೆ. ರೀಚಾರ್ಜ್ ಮರೀಬೇಡಿ, ತಿಂಗಳುಗಟ್ಟಲೆ ಬಿಟ್ಟರೆ ನಂಬರೇ ಕೈತಪ್ಪುತ್ತೆ. ಯೂಟ್ಯೂಬಿಗೆ ಓಟಿಪಿ ಬರದಿದ್ದಾಗ ಬಳಸಲು ಗೂಗಲ್ ಕೊಡುವ 10 ಬ್ಯಾಕಪ್ ಕೋಡ್‌ಗಳ ಪ್ರಿಂಟ್ ಓನರ್ ಬೀರುವಿನಲ್ಲಿದೆ. ಒಂದು ಕೋಡ್ ಒಂದೇ ಸಲ ನಡೆಯುತ್ತೆ, ಬಳಸಿದ್ದನ್ನು ಪೆನ್ನಲ್ಲಿ ಹೊಡೆದುಹಾಕಿ. ಪಾಸ್‌ವರ್ಡ್‌ಗಳು ಪಾಸ್‌ವರ್ಡ್ ಮ್ಯಾನೇಜರಿನಲ್ಲಿವೆ. ವಾಟ್ಸಾಪಲ್ಲಿ ಕೇಳಬೇಡಿ, ನಾನು ಕಳಿಸಲ್ಲ.

ಫೇಸ್‌ಬುಕ್ ಬೇರೆ ಥರ. ಪೇಜಿಗೆ ಅಂತ ಪಾಸ್‌ವರ್ಡೇ ಇಲ್ಲ, ನಮ್ಮ ನಮ್ಮ ಸ್ವಂತ ಪ್ರೊಫೈಲಿಗೆ ಅಧಿಕಾರ ಕೊಡುವುದು. "ನಿನ್ನ ಫೇಸ್‌ಬುಕ್ ಪಾಸ್‌ವರ್ಡ್ ಬರೆದಿಡಮ್ಮ" ಅಂದರು ಓನರ್. ಅದು ನನ್ನ ಮದುವೆ ಫೋಟೋ ಇರೋ ಅಕೌಂಟ್ ಸಾರ್! ಓನರಿಗೂ ಹೊಸಬರಿಗೂ ಪೂರ್ತಿ ಅಧಿಕಾರ ಕೊಟ್ಟು, ಅವರು ತಮ್ಮ ಫೋನಿಂದ ಒಂದು ಪೋಸ್ಟ್ ಹಾಕಿ ನೋಡಿದ ಮೇಲೆ ನನ್ನನ್ನು ತೆಗೆಯಬೇಕು. ಮೊದಲೇ ತೆಗೆದರೆ, ಒಳಗೆ ಬಿಡಲು ಯಾರೂ ಇರಲ್ಲ.

ಯೂಟ್ಯೂಬ್ ಕೊನೆ ದಿನದ ಕೆಲಸವಲ್ಲ. ನಮ್ಮದು ಬ್ರ್ಯಾಂಡ್ ಅಕೌಂಟ್, ಅಂದರೆ ಒಂದೇ ಚಾನೆಲನ್ನು ಹಲವರು ತಮ್ಮ ತಮ್ಮ ಗೂಗಲ್ ಅಕೌಂಟಿಂದ ನೋಡಿಕೊಳ್ಳಬಹುದು. ಹೊಸಬರು ಆ ಅಕೌಂಟಿನ ಓನರ್ ಆಗಿ 7 ದಿನ ಕಳೆಯದೆ ಅವರನ್ನು ಅದರ ಮುಖ್ಯ ಓನರ್ ಮಾಡಲು ಗೂಗಲ್ ಬಿಡುವುದಿಲ್ಲ. ಅದಕ್ಕೇ ಎರಡು ವಾರ ಮೊದಲೇ ಸೇರಿಸಿದೆ.

ದಿನದ ಕೆಲಸ ಜಾಸ್ತಿ ಇಲ್ಲ. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಮೆಸೇಜ್, ಸಂಜೆ ಏಳಕ್ಕೆ ಸ್ಟೋರಿ. ಬಾಕಿ ಎರಡೇ. ಶೆಡ್ಯೂಲ್ ಮಾಡಿಟ್ಟ ಪೋಸ್ಟ್‌ಗಳು ನಾನು ಹೋದರೂ ತಾವೇ ಹೋಗುತ್ತವೆ, ಹಳೇ ರೇಟ್ ಇದ್ದರೆ ತಿದ್ದಿ. ಮತ್ತೆ ಓನರೇ, ಜಾಹೀರಾತಿನ ದುಡ್ಡು ಇವತ್ತಿಗೂ ನನ್ನ ಕಾರ್ಡಿಂದಲೇ ಹೋಗುತ್ತಿದೆ. ಶನಿವಾರದೊಳಗೆ ನಿಮ್ಮ ಕಾರ್ಡ್ ತನ್ನಿ.