ಬೀಟಿಗೆ ಕೂರಿಸಿದ ಮಾತು ಮಗ್ಗಿ ಥರ ಯಾಕೆ ಕೇಳಿಸುತ್ತದೆ?

[ಕಪ್ಪು ಪರದೆ. ಡ್ರಮ್ ಮಾತ್ರ. ನಿರೂಪಕರ ಧ್ವನಿ ಒಂದೊಂದು ಬೀಟಿಗೆ ಒಂದೊಂದು ತುಂಡು.]

ಮೂರು. ದಿನ. ಉಜ್ಜಿದ. ಮೇಲೆ. ಮರದ. ಬಣ್ಣ.

[ಸಂಗೀತ ಥಟ್ಟನೆ ನಿಲ್ಲುತ್ತದೆ. ನಿರೂಪಕರು ಕಾಣಿಸುತ್ತಾರೆ.]

ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ಅದೇ ರಾಗ, ಅಲ್ವಾ?

ಇದು ನನ್ನದೇ ಹಳೆಯ ವಿಡಿಯೋ. ಮರದ ಕುರ್ಚಿ ಮಾಡುವ ಒಂದು ನಿಮಿಷದ ಮಾಂಟಾಜ್. ಎರಡು ರಾತ್ರಿ ಕೂತು ಪ್ರತಿ ಪದವನ್ನೂ ಬೀಟಿಗೆ ಕೂರಿಸಿದ್ದೆ. ಹೆಮ್ಮೆಯಿಂದ ಹಾಕಿದೆ. ನೋಡಿದವರೊಬ್ಬರು ಕೇಳಿದರು: "ಎಲ್ಲ ಬೀಟಿಗೆ ಸರಿಯಾಗಿದೆ, ಆದರೂ ಯಾಕೋ ಮಗ್ಗಿ ಒಪ್ಪಿಸಿದ ಹಾಗಿದೆಯಲ್ಲ?" ಕೋಪ ಬಂತು. ಮತ್ತೆ ಕೇಳಿದೆ. ಅವರು ಹೇಳಿದ್ದು ಸರಿ.

ಇನ್ನೂ ವಿಚಿತ್ರ ಏನು ಗೊತ್ತಾ? ಅದೇ ವಿಡಿಯೋದಲ್ಲಿ ಒಂದು ಪದ ಮಾತ್ರ ಬೀಟಿಗೆ ತಡವಾಗಿ ಬಂದ ಹಾಗೆ ಕೇಳುತ್ತಿತ್ತು. ಪರದೆಯಲ್ಲಿ ನೋಡಿದರೆ ಒಂದು ಫ್ರೇಮ್ ಕೂಡ ಆಚೀಚೆ ಇಲ್ಲ. ಆ ಪದದ ಕತೆಗೆ ಆಮೇಲೆ ಬರುತ್ತೇನೆ. ನನಗೆ ತುಂಬಾ ಇಷ್ಟವಾದ ಭಾಗ ಅದು.

[ಪರದೆ ಮೇಲೆ: 60 ÷ 96 = 0.625]

ಲೆಕ್ಕ ಬೇಗ ಮುಗಿಸೋಣ. ನನ್ನ ಸಂಗೀತ 96 ಬಿಪಿಎಂ, ಅಂದರೆ ನಿಮಿಷಕ್ಕೆ 96 ಬೀಟ್. ಒಂದು ಬೀಟಿಗೆ 0.625 ಸೆಕೆಂಡ್. ನಾಲ್ಕು ಬೀಟ್ ಸೇರಿದರೆ ಒಂದು ಬಾರ್, ಅದು 2.5 ಸೆಕೆಂಡ್. ಬಾರ್ ಅಂದ ತಕ್ಷಣ ನಗಬೇಡಿ. ತಾಳದಲ್ಲಿ ಆವರ್ತ ಅಂತಾರಲ್ಲ, ಹಾಗೆ ಅಂದುಕೊಳ್ಳಿ. ಒಂದು ನಿಮಿಷಕ್ಕೆ 24 ಬಾರ್ ಆಗುತ್ತದೆ. ಪ್ರತಿ ಬಾರಿನ ಮೊದಲ ಬೀಟಿಗೆ ನಾನು "ಒಂದು" ಅನ್ನುತ್ತೇನೆ. ಇವತ್ತಿನ ಎಲ್ಲ ಜಗಳ ಆ "ಒಂದು" ಯಾರಿಗೆ ಸೇರಬೇಕು ಅನ್ನುವುದರ ಮೇಲೆ.

ಯಾಕೆಂದರೆ ಆ ಜಾಗಕ್ಕೆ ಮೂವರು ಕಾಯುತ್ತಿರುತ್ತಾರೆ. ಡ್ರಮ್ ಅಲ್ಲೇ ಜೋರಾಗಿ ಬಡಿಯುತ್ತದೆ. ಚಿತ್ರ ಅಲ್ಲೇ ಬದಲಾಗಬೇಕು ಅನ್ನುತ್ತದೆ. ನಾವು ಮಾತನ್ನೂ ಅಲ್ಲೇ ಶುರು ಮಾಡುತ್ತೇವೆ. ಮೂರೂ ಒಟ್ಟಿಗೆ ಬಿದ್ದರೆ ಮಾತಿನ ಮೊದಲ ಅಕ್ಷರ ಡ್ರಮ್ಮಿನ ಅಡಿಗೆ ಹೋಗುತ್ತದೆ. ಕಣ್ಣು ಹೊಸ ಚಿತ್ರ ನೋಡುವುದರಲ್ಲಿ ಇರುತ್ತದೆ, ಕಿವಿಗೆ ಗಮನ ಇರುವುದಿಲ್ಲ. ಇದನ್ನೇ 24 ಸಲ ಮಾಡಿದರೆ ಮಗ್ಗಿ ಆಗದೆ ಇನ್ನೇನು ಆದೀತು?

ಹಾಗಾಗಿ ಈಗ ನಾನು ಮಾಡುವುದು ಇಷ್ಟು. ಒಂದು ಬಾರಿನ "ಒಂದು" ಚಿತ್ರಕ್ಕೆ. ಮಾತು ಅದಾದ ಮೇಲೆ, ಸುಮಾರು ಒಂದು ಬೀಟ್ ಬಿಟ್ಟು ಎದ್ದೇಳುತ್ತದೆ. ವಾಕ್ಯದಲ್ಲಿ ಮುಖ್ಯವಾದ ಒಂದೇ ಒಂದು ಪದ ಮುಂದಿನ ಬಾರಿನ "ಒಂದು" ಮೇಲೆ ಬೀಳುತ್ತದೆ. ಉಳಿದ ಪದಗಳು ಎಲ್ಲಿ ಬೇಕಾದರೂ ಬೀಳಲಿ, ಅವನ್ನು ನಾನು ಮುಟ್ಟುವುದಿಲ್ಲ. ಸಂಗೀತ ಕಲಿತವರಿಗೆ ಇದು ಹೊಸದಲ್ಲ. ತಾಳ ಶುರುವಾದ ಮೇಲೆ ಸ್ವಲ್ಪ ಬಿಟ್ಟು ಹಾಡು ಎತ್ತಿಕೊಳ್ಳುವುದಕ್ಕೆ ಅವರು ಅನಾಗತ ಅನ್ನುತ್ತಾರೆ.

ಒಂದು ವಾಕ್ಯ ತೆಗೆದುಕೊಂಡು ಮಾಡಿ ನೋಡೋಣ. ನಾನು ಮೊದಲು ಬರೆದದ್ದು ಹೀಗಿತ್ತು.

[ಪರದೆ ಮೇಲೆ: ನಾನು ಮೂರು ದಿನಗಳ ಕಾಲ ಸ್ಯಾಂಡ್‌ಪೇಪರಿನಿಂದ ಉಜ್ಜಿದ ನಂತರ ಅದರ ನಿಜವಾದ ಬಣ್ಣ ಹೊರಗೆ ಕಾಣಿಸಿಕೊಳ್ಳತೊಡಗಿತು]

ಇಲ್ಲಿ ಪದ ಎಣಿಸಬೇಡಿ. ಕನ್ನಡದಲ್ಲಿ "ಕಾಣಿಸಿಕೊಳ್ಳತೊಡಗಿತು" ಕೂಡ ಒಂದು ಪದ, "ಆ" ಕೂಡ ಒಂದು ಪದ. ಅಕ್ಷರ ಎಣಿಸಿ. ಒತ್ತಕ್ಷರ ಒಂದೇ ಲೆಕ್ಕ, ಅರ್ಧ ಅಕ್ಷರ ಲೆಕ್ಕಕ್ಕಿಲ್ಲ. ಈ ವಾಕ್ಯದಲ್ಲಿ 43 ಅಕ್ಷರ ಇದೆ. ನಾನು ಆರಾಮಾಗಿ ಓದಿದರೆ ಸೆಕೆಂಡಿಗೆ ಸುಮಾರು 6 ಅಕ್ಷರ ಬರುತ್ತದೆ. ನಿಮ್ಮದು ಬೇರೆ ಇರಬಹುದು, ಒಂದು ಪುಟ ಓದಿ ಅಳೆದುಕೊಳ್ಳಿ. ನನ್ನ ಲೆಕ್ಕದಲ್ಲಿ ಈ ವಾಕ್ಯಕ್ಕೆ 7 ಸೆಕೆಂಡಿಗೂ ಜಾಸ್ತಿ ಬೇಕು. ಹತ್ತಿರ ಹತ್ತಿರ ಮೂರು ಬಾರ್. ನನ್ನ ಹತ್ತಿರ ಇರುವುದು ಎರಡೇ ಬಾರ್. ಸ್ಯಾಂಡ್‌ಪೇಪರ್ ಹೇಗೂ ಚಿತ್ರದಲ್ಲೇ ಕಾಣುತ್ತಿದೆ. ಅದನ್ನು ಬಾಯಿಬಿಟ್ಟು ಹೇಳುವುದು ಯಾಕೆ?

[ಪರದೆ ಮೇಲೆ: ಮೂರು ದಿನ ಉಜ್ಜಿದ ಮೇಲೆ ಮರದ ಬಣ್ಣ ಕಾಣಿಸಿತು]

ಈಗ 18 ಅಕ್ಷರ. ಮೂರು ಸೆಕೆಂಡ್. ಇಲ್ಲಿ ಮುಖ್ಯ ಪದ "ಬಣ್ಣ". ಅದಕ್ಕಿಂತ ಮುಂಚೆ 12 ಅಕ್ಷರ ಇದೆ, ಅಂದರೆ ಎರಡು ಸೆಕೆಂಡ್. ಹಿಂದಕ್ಕೆ ಎಣಿಸೋಣ. ನನ್ನ 11ನೇ ಬಾರ್ ಸರಿಯಾಗಿ 25ನೇ ಸೆಕೆಂಡಿಗೆ ಶುರುವಾಗುತ್ತದೆ. ಅಲ್ಲಿ ಉಜ್ಜಿದ ಹಲಗೆಯ ಚಿತ್ರ ಬರುತ್ತದೆ. ಮಾತು 25.5ಕ್ಕೆ ಶುರು. ಎರಡು ಸೆಕೆಂಡ್ ಕಳೆದರೆ 27.5, ಅದೇ 12ನೇ ಬಾರಿನ "ಒಂದು". "ಬಣ್ಣ" ಅಲ್ಲಿ ಬೀಳುತ್ತದೆ. "ಕಾಣಿಸಿತು" ಮುಗಿಯುವಾಗ 28.5. 30ನೇ ಸೆಕೆಂಡಿಗೆ ಡ್ರಮ್ ನಿಂತುಹೋಗುತ್ತದೆ, ಸಂಗೀತ ತೆಳುವಾಗುತ್ತದೆ. ಅಲ್ಲಿಯವರೆಗೆ ಒಂದೂವರೆ ಸೆಕೆಂಡ್ ಖಾಲಿ. ಆ ಖಾಲಿ ಜಾಗವನ್ನು ತುಂಬಬೇಡಿ, ದಯವಿಟ್ಟು.

[ಅದೇ ತುಣುಕು, ಹೊಸ ಓದಿನ ಜೊತೆ ಒಮ್ಮೆ ಪೂರ್ತಿ ಕೇಳಿಸುತ್ತದೆ.]

ಒಂದು ವಿಷಯ ಗಮನಿಸಿ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ತೂಕ ಇರುವುದು ಸಾಮಾನ್ಯವಾಗಿ ಅದಕ್ಕಿಂತ ಮುಂಚಿನ ಪದದಲ್ಲಿ. ಹಾಗಾಗಿ ವಾಕ್ಯವನ್ನು ಬಾರಿನ ಗೆರೆಯೊಳಗೆ ಮುಗಿಸಬೇಕು ಅಂತ ಹಟ ಹಿಡಿದರೆ, ತೂಕದ ಪದ ಎಲ್ಲೋ ಮಧ್ಯದಲ್ಲಿ ಕಳೆದುಹೋಗುತ್ತದೆ. ಬಾಲ ಗೆರೆ ದಾಟಲಿ ಬಿಡಿ. "ಕಾಣಿಸಿತು" ಗೆರೆಯ ಆಚೆ ಬಿದ್ದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಓದು ಯಾವತ್ತೂ ಲೆಕ್ಕದ ಹಾಗೆ ಬರುವುದಿಲ್ಲ, ನಿಜ. ನನ್ನ ಮೊದಲ ಟೇಕಿನಲ್ಲಿ ಆ 12 ಅಕ್ಷರಕ್ಕೆ 2.4 ಸೆಕೆಂಡ್ ಆಯಿತು. "ಬಣ್ಣ" ಜಾಗಕ್ಕೆ ಕೂತರೂ ವಾಕ್ಯದ ಶುರು ಚಿತ್ರ ಬದಲಾಗುವ ಜಾಗಕ್ಕೆ ಹೋಗಿ ಅಂಟಿಕೊಂಡಿತು. ಆಗ ಧ್ವನಿಯನ್ನು ಎಳೆಯುವ, ಒತ್ತುವ ಕೆಲಸಕ್ಕೆ ಹೋಗಬೇಡಿ. ಮೂರ್ನಾಲ್ಕು ಶೇಕಡಾ ದಾಟಿದರೆ ನನ್ನ ಕಿವಿಗೇ ಗೊತ್ತಾಗುತ್ತದೆ. "ಮೇಲೆ" ಆದ ಮೇಲೆ ಒಂದು ಸಣ್ಣ ಉಸಿರಿನ ಬಿಡುವು ಇತ್ತು. ಅದನ್ನು ಕತ್ತರಿಸಿದೆ, ಸರಿಹೋಯಿತು. ಬಿಡುವು ಸಿಗದಿದ್ದರೆ ವಾಕ್ಯವನ್ನೇ ತಿದ್ದಿ ಮತ್ತೆ ಓದಿ.

ಸರಿ, ಈಗ ಆ ತಡವಾದ ಪದ.

[ಪರದೆ ಮೇಲೆ ದೊಡ್ಡದಾಗಿ: ಸ್ಕ್ರೂ]

ವಾಕ್ಯ "ನಾಲ್ಕೂ ಕಾಲಿಗೆ ಸ್ಕ್ರೂ ಹಾಕಿದೆ". ಆಡಿಯೋದ ಅಲೆ ಎಲ್ಲಿ ಶುರುವಾಗುತ್ತದೋ ಅದನ್ನು ಸರಿಯಾಗಿ ಡ್ರಮ್ಮಿನ ಮೇಲೆ ಇಟ್ಟಿದ್ದೆ. ಆದರೂ ಲೇಟ್. ಕಂಪ್ಯೂಟರ್ ಬೈದೆ. ಹೆಡ್‌ಫೋನ್ ಬದಲಾಯಿಸಿದೆ. ತಪ್ಪು ಎರಡರದ್ದೂ ಅಲ್ಲ.

1976ರಲ್ಲಿ ಮಾರ್ಟನ್, ಮಾರ್ಕಸ್, ಫ್ರಾಂಕಿಶ್ ಎಂಬ ಮೂವರು ಸಂಶೋಧಕರು ಇದರ ಬಗ್ಗೆ ಬರೆದರು. ಹೇಳಿದ ಅಂಕಿಗಳನ್ನು ಸಮಾನ ಅಂತರದಲ್ಲಿ ಜೋಡಿಸಿದ ಧ್ವನಿಪಟ್ಟಿ ಅವರಿಗೆ ಬೇಕಿತ್ತು. ಪ್ರತಿ ಪದದ ಶುರುವನ್ನು ಸಮಾನ ಅಂತರದಲ್ಲಿ ಇಟ್ಟರೆ, ಕೇಳುವಾಗ ಮಾತ್ರ ಎಡವುತ್ತಾ ನಡೆದ ಹಾಗೆ ಇತ್ತು! ಯಾಕೆಂದರೆ ಒಂದು ಪದ "ಬಂತು" ಅಂತ ನಮಗೆ ಅನ್ನಿಸುವುದು ಅದರ ಸದ್ದು ಶುರುವಾದಾಗ ಅಲ್ಲ. ಅದಾದ ಸ್ವಲ್ಪ ಹೊತ್ತಿಗೆ, ಸರಿಸುಮಾರು ಸ್ವರ ಶುರುವಾಗುವ ಹತ್ತಿರ. ಆ ಕ್ಷಣಕ್ಕೆ ಅವರು ಪರ್ಸೆಪ್ಚುಯಲ್ ಸೆಂಟರ್ ಅಂತ ಹೆಸರಿಟ್ಟರು. ಚಿಕ್ಕದಾಗಿ ಪಿ-ಸೆಂಟರ್.

"ಸ್ಕ್ರೂ" ನಿಧಾನವಾಗಿ ಹೇಳಿ. ಸ್ಸ್ಸ್... ಕ್... ರ್... ಊ. "ಊ" ಬರುವ ತನಕ ಇಡೀ ಮೆರವಣಿಗೆಯೇ ಹೋಗುತ್ತದೆ. ಮುಂದೆ ಬ್ಯಾಂಡಿನವರು ಹೋಗುತ್ತಾರೆ, ಪಲ್ಲಕ್ಕಿ ಬರುವುದು ಆಮೇಲೆ. ಜನ ಕೈ ಮುಗಿಯುವುದು ಪಲ್ಲಕ್ಕಿಗೆ. ನಾನು ಬ್ಯಾಂಡಿನವರನ್ನು ಬೀಟಿನ ಮೇಲೆ ನಿಲ್ಲಿಸಿದ್ದೆ, ಅಷ್ಟೇ. ನನ್ನ ರೆಕಾರ್ಡಿಂಗಿನಲ್ಲಿ ಸ್ವರ ಬರುವ ಹೊತ್ತಿಗೆ 5 ಫ್ರೇಮ್ ಕಳೆದಿತ್ತು. 24 ಫ್ರೇಮಿನ ವಿಡಿಯೋದಲ್ಲಿ ಅದು ಸುಮಾರು 0.2 ಸೆಕೆಂಡ್. ಬೀಟಿನ ಮೂರನೇ ಒಂದು ಭಾಗ. ತಡ ಅನ್ನಿಸದೆ ಇರುತ್ತದಾ?

"ಅಂಟು" ಹೇಳಿ ನೋಡಿ. ಸ್ವರದಿಂದಲೇ ಶುರು, ಹಾಗಾಗಿ ತೊಂದರೆ ಇಲ್ಲ. "ಬಣ್ಣ" ಕೂಡ ಪರವಾಗಿಲ್ಲ. "ಸಂಜೆ", "ಶಬ್ದ" ಥರದ್ದು ಸ್ವಲ್ಪ ಹಿಂದೆ ಉಳಿಯುತ್ತದೆ. ಸ, ಶ, ಅದರ ಮೇಲೆ ಒತ್ತಕ್ಷರ ಬಂದರೆ ಹುಷಾರು.

[ಪರದೆ: ಆಡಿಯೋ ಅಲೆ. ತೆಳ್ಳಗಿನ ಒರಟು ಭಾಗ, ಆಮೇಲೆ ದಪ್ಪ ಭಾಗ. ಗುರುತು ದಪ್ಪ ಭಾಗದ ಶುರುವಿಗೆ ಜಾರುತ್ತದೆ.]

ಪರಿಹಾರ ಸುಲಭ. ಅಲೆಯನ್ನು ಹಿಗ್ಗಿಸಿ ನೋಡಿ. "ಸ್" ಅನ್ನುವ ಭಾಗ ತೆಳ್ಳಗೆ, ಒರಟಾಗಿ ಇರುತ್ತದೆ. ಸ್ವರ ಬಂದ ಕೂಡಲೇ ಅಲೆ ದಪ್ಪಗಾಗುತ್ತದೆ. ಗುರುತು ಹಾಕಬೇಕಾದದ್ದು ದಪ್ಪಗಾಗುವ ಜಾಗಕ್ಕೆ. ಆ ಗುರುತನ್ನು ಬೀಟಿನ ಮೇಲೆ ಇಡಿ. ಸಂಗೀತಕ್ಕೂ ಇದೇ ರೋಗ ಇದೆ. ಡ್ರಮ್ ಹೊಡೆದ ಕ್ಷಣ ಸ್ಪಷ್ಟ. ಮೆಲ್ಲಗೆ ಏಳುವ ವಯಲಿನ್ ಗುಂಪಿಗೆ "ಒಂದು" ಎಲ್ಲಿದೆ ಅಂತ ಅಲೆ ನೋಡಿ ಹೇಳುವುದು ಕಷ್ಟ, ಕಿವಿಯನ್ನೇ ನಂಬಬೇಕು.

ಅಯ್ಯೋ, ಮೆರವಣಿಗೆಯಲ್ಲೇ ಸಮಯ ಹೋಯಿತು. ಉಳಿದದ್ದು ಬೇಗ ಬೇಗ.

ಬಿಪಿಎಂ ಅಂದಾಜಿನಲ್ಲಿ ಹಾಕಬೇಡಿ. 96ರ ಬದಲು 95 ಅಂದುಕೊಂಡರೆ ನಿಮಿಷದ ಕೊನೆಗೆ ಒಂದು ಇಡೀ ಬೀಟ್ ತಪ್ಪಿರುತ್ತದೆ. ಶುರು ಚೆನ್ನಾಗಿದ್ದು ಕೊನೆ ಕೆಟ್ಟಿದ್ದರೆ ಕಾರಣ ಬಹುತೇಕ ಇದೇ. ಕೈಯಲ್ಲಿ ನುಡಿಸಿದ ಸಂಗೀತವಾದರೆ ವೇಗವೇ ಆಚೀಚೆ ಆಗುತ್ತದೆ. ಆಗ ಲೆಕ್ಕ ಬಿಟ್ಟು, ಕೇಳುತ್ತಾ M ಕೀ ಒತ್ತಿ ಗುರುತು ಹಾಕಿ, ಆಮೇಲೆ ಒಂದೊಂದನ್ನೂ ಸರಿಮಾಡಿ. ಫ್ರೇಮ್ ಕೂಡ ನೋಡಿಕೊಳ್ಳಿ. 24 ಫ್ರೇಮಿನಲ್ಲಿ ನನ್ನ ಬೀಟ್ ಸರಿಯಾಗಿ 15 ಫ್ರೇಮ್. 25 ಫ್ರೇಮಿನಲ್ಲಿ 15.625. "ಹೋಗಲಿ, 16" ಅಂತ ಬೀಟಿಂದ ಬೀಟಿಗೆ ಎಣಿಸುತ್ತಾ ಹೋದರೆ ಒಂದು ನಿಮಿಷಕ್ಕೆ 36 ಫ್ರೇಮ್ ಹೆಚ್ಚಾಗುತ್ತದೆ. ಪ್ರತಿ ಸಲ ಶುರುವಿನಿಂದ ಲೆಕ್ಕ ಹಾಕಿ.

ಸಂಗೀತ ಕಿವಿಯಲ್ಲಿ ಓಡುತ್ತಿರುವಾಗ ಓದಬೇಡಿ, ಧ್ವನಿ ತಾನಾಗೇ ಕುಣಿಯಲು ಶುರುಮಾಡುತ್ತದೆ. ಎರಡು ಬಾರ್ ಕೇಳಿ, ನಿಲ್ಲಿಸಿ, ಆಮೇಲೆ ಓದಿ. ಎಲ್ಲ ವಾಕ್ಯಕ್ಕೂ ಎರಡೆರಡೇ ಬಾರ್ ಕೊಡಬೇಡಿ. ನಾನು ಎಂಟು ಬಾರಿಗೆ ಎರಡು, ಎರಡು, ನಾಲ್ಕು ಅಂತ ಹಂಚುತ್ತೇನೆ. "ಒಂದು" ಮೇಲೆ ಪದ ಬೀಳುವುದು ಎಂಟು ಬಾರಿಗೆ ಒಮ್ಮೆ, ಇಲ್ಲ ಎರಡು ಸಲ ಸಾಕು.

ಕೊನೆಗೆ ಸಂಗೀತವನ್ನು ಮ್ಯೂಟ್ ಮಾಡಿ, ಮಾತು ಮಾತ್ರ ಕೇಳಿ. ಸಂಗೀತ ಇಲ್ಲದೆಯೂ ಬೆರಳು ತಾಳ ಹಾಕುತ್ತಿದ್ದರೆ ಇನ್ನೂ ಬಿಗಿಯಾಗಿದೆ ಅಂತ ಅರ್ಥ. ಪದಗಳನ್ನು ಬೀಟಿನಿಂದ ಬಿಡಿಸಿ. ನನ್ನ ಕುರ್ಚಿ ವಿಡಿಯೋದ ಹೊಸ ರೂಪ ಇಲ್ಲಿದೆ. "ಸ್ಕ್ರೂ" 5 ಫ್ರೇಮ್ ಮುಂಚೆ ಹೋಗಿದೆ.

[24 ಬಾರ್. ಮೊದಲ ನಾಲ್ಕರಲ್ಲಿ ಮಾತಿಲ್ಲ.]