ಮೊಸಾಯಿಕ್ ಮೇಲೆ ಒಂದು ಹನಿ ಕಾಚಂಪುಳಿ

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮುಂಚೆ ಒಂದು ಕೆಲಸ ಮುಗಿಸಿಬಿಡುತ್ತೇನೆ. ಈ ಮೇಜಿನ ಮೇಲೆ ಮೂರು ತುಂಡುಗಳಿವೆ. ಒಂದು ಹಳೇ ಮೊಸಾಯಿಕ್, ಒಂದು ಗ್ರಾನೈಟ್, ಒಂದು ವಿಟ್ರಿಫೈಡ್ ಟೈಲ್ಸ್. ಮೂರರ ಮೇಲೂ ಒಂದೊಂದು ಹನಿ ಕಾಚಂಪುಳಿ ಬಿಡುತ್ತಿದ್ದೇನೆ. ಪಂದಿ ಕರಿಗೆ ಹಾಕುತ್ತೀರಲ್ಲ, ಅದೇ ಕಪ್ಪು ಹುಳಿ. ಇದು ಹೀಗೇ ಇರಲಿ, ಕೊನೆಗೆ ಒರೆಸಿ ನೋಡೋಣ.

ಇನ್ನು ಕೆಲವೇ ವಾರಕ್ಕೆ ಮಳೆ ಹಿಡಿಯುತ್ತದೆ. ತೋಟದ ಕೆಂಪು ಮಣ್ಣು ಕಾಲಲ್ಲಿ ಒಳಗೆ ಬರುತ್ತದೆ, ನೆಲ ಒಣಗುವುದಿಲ್ಲ, ಮುಗ್ಗಲು ವಾಸನೆ ಶುರುವಾಗುತ್ತದೆ. ಆಗ ನಿಮ್ಮ ಹೋಂಸ್ಟೇಗಳಲ್ಲಿ 5 ಲೀಟರಿನ ಫಿನಾಯಿಲ್ ಕ್ಯಾನ್ ಹೊರಗೆ ಬರುತ್ತದೆ. ಹಾಲ್‌ಗೂ ಅದೇ, ಮಹಡಿಯ ಹಲಗೆಗೂ ಅದೇ, ಬಚ್ಚಲಿಗೂ ಅದೇ. ನಾನು 27 ವರ್ಷದಿಂದ ನೆಲ ಪಾಲಿಶ್ ಮಾಡುತ್ತಿದ್ದೇನೆ. ನನಗೆ ಬರುವ ಕರೆಗಳಲ್ಲಿ ಅರ್ಧಕ್ಕರ್ಧ ಸವೆದ ನೆಲದ್ದಲ್ಲ, ತಪ್ಪು ನೀರಿನಲ್ಲಿ ಒರೆಸಿ ಕೆಡಿಸಿದ ನೆಲದ್ದು. ಅದು ನನಗೆ ಹೊಟ್ಟೆ ಉರಿಯುವ ವಿಷಯ.

ಒಂದು ಮನೆಯ ಕಥೆ ಹೇಳುತ್ತೇನೆ. ವಿರಾಜಪೇಟೆ ಕಡೆಯ ಹಳೇ ಮನೆ. ಊಟದ ಕೋಣೆಗೆ ಅಜ್ಜನ ಕಾಲದಲ್ಲಿ ಹಾಕಿಸಿದ ಮೊಸಾಯಿಕ್. ಮನೆಯ ಅಕ್ಕ ಫೋನ್ ಮಾಡಿದರು: "ಮೇಸ್ತ್ರಿ, ನೆಲದಲ್ಲಿ ಒಂದು ಕಲೆ. ಏನು ಹಾಕಿದರೂ ಹೋಗ್ತಾ ಇಲ್ಲ."

ಹೋಗಿ ನೋಡಿದೆ. ಬಾಟಲಿ ತಳದಷ್ಟು ಅಗಲದ ಒಂದು ಬಿಳಿಚಿದ ಬಳೆ. ಅದರ ಸುತ್ತ ಮೊರದಷ್ಟು ಜಾಗ ಮಂಕು. ನಾನು ಕಿಟಕಿಗೆ ಎದುರಾಗಿ ಕುಕ್ಕರಗಾಲಲ್ಲಿ ಕೂತು, ನೆಲದ ಮಟ್ಟಕ್ಕೆ ಕಣ್ಣು ಇಳಿಸಿ ನೋಡಿದೆ. ಉಳಿದ ನೆಲದಲ್ಲಿ ಕಿಟಕಿಯ ಸರಳುಗಳು ಕಾಣುತ್ತಿದ್ದವು. ಆ ಜಾಗಕ್ಕೆ ಬಂದಾಗ ಸರಳುಗಳು ಮಾಯ. ಬೆರಳು ಆಡಿಸಿದರೆ ಸಣ್ಣ ಮರಳು ಕಾಗದದ ಹಾಗೆ ತರಿತರಿ.

"ಅಕ್ಕಾ, ಇದು ಕಲೆಯಲ್ಲ. ನೆಲವೇ ಇಲ್ಲಿ ಹೋಗಿದೆ" ಅಂದೆ. ಅವರು ನಂಬಲಿಲ್ಲ. ಆಮೇಲೆ ಒಂದೊಂದೇ ಹೊರಗೆ ಬಂತು. ಕಾಚಂಪುಳಿ ಬಾಟಲಿ ಸೋರಿ ರಾತ್ರಿಯಿಡೀ ನೆಲದ ಮೇಲೆ ನಿಂತಿತ್ತು. ಬೆಳಿಗ್ಗೆ ಫಿನಾಯಿಲ್ ಹಾಕಿ ಒರೆಸಿದರು. ಹೋಗಲಿಲ್ಲ. ಮರುದಿನ ಫಿನಾಯಿಲ್ ಎರಡರಷ್ಟು ಮಾಡಿದರು. ಮೂರನೇ ದಿನ ಕೆಲಸದ ಹುಡುಗ ಬಾತ್‌ರೂಮಿನ ಆಸಿಡ್ ತಂದು ಸುರಿದ. ಬುಸಬುಸ ನೊರೆ ಬಂತಂತೆ. ಕೊಳೆ ಬಿಡುತ್ತಿದೆ ಅಂತ ಎಲ್ಲರಿಗೂ ಖುಷಿಯೋ ಖುಷಿ.

ಆ ನೊರೆ ಕೊಳೆಯದ್ದಲ್ಲ. ಮೊಸಾಯಿಕ್ ಅಂದರೇನು? ಸಿಮೆಂಟಿನಲ್ಲಿ ಅಮೃತಶಿಲೆಯ ಚೂರು ಕೂರಿಸಿ ಉಜ್ಜಿದ ನೆಲ. ಅಮೃತಶಿಲೆ ಸುಣ್ಣದ ಕಲ್ಲು, ಸಿಮೆಂಟಿನಲ್ಲೂ ಸುಣ್ಣವೇ ಜಾಸ್ತಿ. ಹುಳಿ ಬಿದ್ದರೆ ಸುಣ್ಣ ಕರಗುತ್ತದೆ. ಕರಗುವಾಗ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಮೇಲೆ ಬರುತ್ತದೆ. ನಾವು ನೊರೆ ಅಂದುಕೊಂಡದ್ದು ಅದನ್ನೇ. ಕಾಚಂಪುಳಿ ಮೇಲಿನ ಹೊಳಪನ್ನಷ್ಟೇ ತಿಂದಿತ್ತು. ಆಸಿಡ್ ಚೂರುಗಳ ಸುತ್ತಲಿನ ಸಿಮೆಂಟನ್ನೂ ತಿಂದು ಚೂರುಗಳು ಮೇಲೆದ್ದಿದ್ದವು. ಕಲೆ ಆಗಿದ್ದರೆ ತೊಳೆಯಬಹುದು. ಇದಕ್ಕೆ ಮಿಷನ್ ಹಿಡಿಯದೆ ಬೇರೆ ದಾರಿ ಇರಲಿಲ್ಲ. ಅಷ್ಟೇ ಜಾಗ ಉಜ್ಜಿದರೆ ಗುಂಡಿ ಬೀಳುತ್ತದೆ. ಹಾಗಾಗಿ ಇಡೀ ಕೋಣೆಗೆ ಒರಟು ಕಲ್ಲಿನಿಂದ ಶುರು ಮಾಡಿ 120, ಆಮೇಲೆ 320ನೇ ನಂಬರಿನ ಕಲ್ಲು ಹೊಡೆದೆವು. ಎರಡು ದಿನ ಹಿಡಿಯಿತು.

ಅಲ್ಲಿ ಆ ಅಣ್ಣ ಏನೋ ಕೇಳುತ್ತಿದ್ದಾರೆ. ಹೌದು ಅಣ್ಣ, ಸರಿಯಾದ ಪ್ರಶ್ನೆ. "ನೀವೇ ಪಾಲಿಶ್ ಕೊನೆಗೆ ಆಕ್ಸಾಲಿಕ್ ಪುಡಿ ಹಾಕಿ ತಿಕ್ಕುತ್ತೀರಿ, ಅದೂ ಆಸಿಡ್ ಅಲ್ವಾ?" ಹೌದು, ಅದೂ ಆಸಿಡ್ಡೇ. ಆದರೆ ಬಾತ್‌ರೂಮ್ ಆಸಿಡ್ ಸುಣ್ಣದ ಜೊತೆ ಸೇರಿದರೆ ನೀರಲ್ಲಿ ಕರಗುವ ಉಪ್ಪಾಗುತ್ತದೆ, ತೊಳೆದಾಗ ಹರಿದು ಹೋಗುತ್ತದೆ. ಆಕ್ಸಾಲಿಕ್ ಸೇರಿದರೆ ನೀರಲ್ಲಿ ಕರಗದ ಉಪ್ಪಾಗಿ ಕಲ್ಲಿನ ಮೇಲೇ ಕೂರುತ್ತದೆ. ಅದನ್ನು ಮಿಷನ್ನಿನಲ್ಲಿ ತಿಕ್ಕಿದಾಗ ಹೊಳಪು ಬರುತ್ತದೆ. ಸುಮ್ನೆ ಬಕೆಟ್ಟಿಗೆ ಹಾಕಿ ಒರೆಸುವ ಪುಡಿ ಅಲ್ಲ ಅದು. ವಿಷ ಕೂಡ. ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಹಾಗಾದರೆ ನಿಮ್ಮ ನೆಲದಲ್ಲಿ ಸುಣ್ಣ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಬೀರು ಕೆಳಗೆ, ಯಾರಿಗೂ ಕಾಣದ ಮೂಲೆಯಲ್ಲಿ, ಒಂದು ಹನಿ ನಿಂಬೆರಸ ಬಿಡಿ. ಐದು ನಿಮಿಷ ಬಿಟ್ಟು ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಆ ಜಾಗ ಮಂಕಾಗಿದ್ದರೆ ಸುಣ್ಣ ಇದೆ. ಅಮೃತಶಿಲೆ, ಕಡಪ, ಕೋಟಾ ಕಲ್ಲು, ಮೊಸಾಯಿಕ್ ಎಲ್ಲ ಈ ಸಾಲಿನವು. ಇವಕ್ಕೆ ನಿಂಬೆ, ವಿನಿಗರ್, "ನಿಂಬೆ ಶಕ್ತಿ" ಅಂತ ಬರೆದ ಲಿಕ್ವಿಡ್, ಆಸಿಡ್, ಯಾವುದೂ ಬೇಡ. ಒಂದು ಬಕೆಟ್ ನೀರಿಗೆ ಒಂದು ಟೀ ಚಮಚ ಹುಳಿಯೂ ಕ್ಷಾರವೂ ಇಲ್ಲದ ಸಾದಾ ಲಿಕ್ವಿಡ್ ಸೋಪು, ಆಮೇಲೆ ಬರೀ ನೀರಿನಲ್ಲಿ ಒಂದು ಸಲ. ಕಡಪ ಕಪ್ಪಗಿರುತ್ತದೆ, ಗ್ರಾನೈಟ್ ಅಂತ ಮೋಸ ಹೋಗುತ್ತೀರಿ. ಅದಕ್ಕೇ ಹೇಳಿದ್ದು, ನಿಂಬೆ ಹನಿ ಬಿಡಿ.

ಕಪ್ಪು ಫಿನಾಯಿಲ್ ಬಗ್ಗೆ ಒಂದು ಮಾತು. ಅದು ಕಲ್ಲಿದ್ದಲಿನ ಟಾರಿನಿಂದ ಬಂದದ್ದು. ಬಿಳಿ ಮೊಸಾಯಿಕ್ ಅದನ್ನು ಹೀರಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅದು ಚರಂಡಿಗೆ ಇರಲಿ.

ವಿಟ್ರಿಫೈಡ್‌ಗೆ ಬರೋಣ. ಅದು ಹುಳಿಗೆ ಹೆದರುವುದಿಲ್ಲ, ನೀರನ್ನೂ ಹೀರುವುದಿಲ್ಲ. 100 ಕೆಜಿ ಟೈಲ್ಸ್ ಅರ್ಧ ಕೆಜಿ ನೀರನ್ನೂ ಹೀರುವುದಿಲ್ಲ. ತೊಂದರೆ ಬರುವುದೂ ಅಲ್ಲೇ. ಬಿಳಿ ಫಿನಾಯಿಲಿನಲ್ಲಿ ಪೈನ್ ಎಣ್ಣೆ ಇದೆ, ನೀರಿಗೆ ಹಾಕಿದಾಗ ಹಾಲಿನ ಹಾಗೆ ಆಗುವುದು ಅದರಿಂದಲೇ. ಟೈಲ್ಸ್ ಹೀರದ ಎಣ್ಣೆ ಮೇಲೇ ತೆಳುವಾಗಿ ಕೂರುತ್ತದೆ. ಬರಿಗಾಲಲ್ಲಿ ನಡೆದರೆ ಹೆಜ್ಜೆ ಮೂಡುತ್ತದೆ, ಕಾಲು ಅಂಟುತ್ತದೆ. ಕೊಳೆ ಅಂತ ಇನ್ನೊಂದು ಮುಚ್ಚಳ ಜಾಸ್ತಿ ಹಾಕುತ್ತೀರಿ. ಅಂಟೂ ಜಾಸ್ತಿಯಾಗುತ್ತದೆ. ಎರಡು ದಿನ ಫಿನಾಯಿಲ್ ನಿಲ್ಲಿಸಿ, ಬಿಸಿನೀರಿಗೆ ಒಂದು ಚಮಚ ಸೋಪು ಹಾಕಿ ಒರೆಸಿ, ಬರೀ ನೀರಿನಲ್ಲಿ ಎರಡು ಸಲ ಒರೆಸಿ. ಹೆಜ್ಜೆ ಮೂಡುವುದು ನಿಲ್ಲುತ್ತದೆ. ಆದರೆ ಟೈಲ್ಸ್ ಗಟ್ಟಿ ಅಂತ ಆಸಿಡ್ ಸುರಿಯಬೇಡಿ, ಸಂದಿಗೆ ತುಂಬಿದ್ದು ಸಿಮೆಂಟೇ ಆದರೆ ಅದು ಕರಗುತ್ತದೆ. ಬ್ಲೀಚಿಂಗ್ ಜೊತೆ ಆಸಿಡ್ ಸೇರಿಸುವುದಂತೂ ಎಂದೂ ಬೇಡ, ಕ್ಲೋರಿನ್ ಗಾಳಿ ಎದ್ದು ಉಸಿರು ಕಟ್ಟುತ್ತದೆ.

ಊಟಕ್ಕೆ ಕರೆಯುತ್ತಿದ್ದಾರೆ, ಮರದ ನೆಲ ಬೇಗ ಹೇಳಿಬಿಡುತ್ತೇನೆ. ಅದಕ್ಕೆ ಶತ್ರು ನಿಂತ ನೀರು. ಹಲಗೆಯ ಸಂದಿಯಲ್ಲಿ ನೀರು ಇಳಿದರೆ ಅಂಚು ಮೇಲೇಳುತ್ತದೆ, ಮಳೆಗಾಲದಲ್ಲಿ ಮತ್ತೆ ಕೂರುವುದಿಲ್ಲ. ಮೊದಲು ಒಣ ಪೊರಕೆ, ಆಮೇಲೆ ಹಿಂಡಿದ ಬಟ್ಟೆ. ಎಷ್ಟು ಹಿಂಡಬೇಕು ಅಂದರೆ, ಇನ್ನೊಮ್ಮೆ ಹಿಂಡಿದರೂ ಒಂದು ಹನಿ ಬೀಳಬಾರದು. ಹಲಗೆ ಉದ್ದಕ್ಕೆ ಒರೆಸಿ, ತಕ್ಷಣ ಒಣ ಬಟ್ಟೆ ಆಡಿಸಿ. ಫಿನಾಯಿಲ್ ಬೇಡವೇ ಬೇಡ. ಜಡಿಮಳೆಯ ದಿನ ಬಟ್ಟೆಯೂ ಬೇಡ, ಪೊರಕೆ ಸಾಕು.

ಈಗ ನಮ್ಮ ಮೂರು ತುಂಡು. ಒರೆಸುತ್ತೇನೆ. ಗ್ರಾನೈಟ್ ಹಾಗೇ ಇದೆ. ಟೈಲ್ಸ್ ಹಾಗೇ ಇದೆ. ಈ ಮೊಸಾಯಿಕ್ ಮುಂದಿನ ಸಾಲಿನಿಂದ ಕೈಯಿಂದ ಕೈಗೆ ದಾಟಿಸಿ. ಲೈಟಿಗೆ ಓರೆಯಾಗಿ ಹಿಡಿಯಿರಿ, ಆಮೇಲೆ ಕಣ್ಣು ಮುಚ್ಚಿ ಬೆರಳು ಆಡಿಸಿ. ಹನಿ ಎಲ್ಲಿತ್ತು ಅಂತ ಬೆರಳಿಗೇ ಸಿಗುತ್ತದೆ.