ಎತ್ತಿನ ಲೆಕ್ಕ, ಮೋಟಾರಿನ ನೀರು

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಅಧ್ಯಕ್ಷೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಿಗ್ಗೆ ಎರಡು ಮನೆಯವರು ನನ್ನ ಬಾಗಿಲಲ್ಲಿ ನಿಂತು, "ನಮ್ಮ ಮರ್ಯಾದೆಯನ್ನು ರೇಡಿಯೋದಲ್ಲಿ ಹರಾಜು ಹಾಕಿದೆಯಲ್ಲಮ್ಮ" ಅನ್ನುತ್ತಾರೆ. ಆ ಎರಡು ಮನೆ ಒಂದಾಗಿ ನನ್ನ ಮೇಲೆ ಜಗಳಕ್ಕೆ ಬಂದ ಮೊದಲ ಸಲ ಅದೇ ಆಗಿಬಿಡುತ್ತದೆ.

ಜಗಳ ಒಂದು ಜಂಟಿ ಬಾವಿಯದ್ದು. ಅಣ್ಣನದು ಅರ್ಧ, ತಮ್ಮನದು ಅರ್ಧ. ತಮ್ಮ ತೀರಿಕೊಂಡ ಮೇಲೆ ಅವನ ಹೆಂಡತಿಯೇ ಬೇಸಾಯ ನಡೆಸುತ್ತಿದ್ದಾರೆ. ನಾನು ಆ ಊರಿನ ಸೊಸೆ. ಅಣ್ಣನನ್ನು ದೊಡ್ಡ ಮಾವ ಅನ್ನುತ್ತೇನೆ, ಇವರನ್ನು ಚಿಕ್ಕತ್ತೆ ಅನ್ನುತ್ತೇನೆ. ಮೊದಲು ಮಾತು ನಿಂತಿತು. ಆಮೇಲೆ ಪೈಪು ಕಿತ್ತರು. ಕೊನೆಗೆ ದೊಡ್ಡ ಮಾವನ ಮನೆಯವರು ಚಿಕ್ಕತ್ತೆಯ ಮೋಟಾರಿನ ಫ್ಯೂಸನ್ನೇ ಬಿಚ್ಚಿಕೊಂಡು ಹೋದರು. ಆ ಫ್ಯೂಸು ನಾಲ್ಕು ದಿನ ದೊಡ್ಡತ್ತೆಯ ಸೆರಗಿನ ಗಂಟಿನಲ್ಲಿ ಎಲೆ ಅಡಿಕೆಯ ಜೊತೆಗಿತ್ತು.

ಅರಳಿಕಟ್ಟೆಯ ಹತ್ತಿರ ಎಲ್ಲರೂ ಸೇರಿದೆವು. ಕೂರುತ್ತಿದ್ದ ಹಾಗೇ ಒಬ್ಬ ಹಿರಿಯರು ಹೇಳಿದರು, "ಹೆಂಗಸರ ಕೈಲಿ ಇದೆಲ್ಲ ಆಗಲ್ಲಮ್ಮ, ನಿಮ್ಮ ಯಜಮಾನರನ್ನ ಕರೆಸು." ನಮ್ಮ ರಾಜ್ಯದಲ್ಲಿ 1987ರ ಪಂಚಾಯಿತಿ ಚುನಾವಣೆಯಲ್ಲೇ ಹೆಂಗಸರಿಗೆ ಕಾಲು ಭಾಗ ಮೀಸಲು ಇತ್ತು, ಈಗ ಅರ್ಧ ಇದೆ. ಆದರೂ ಈ ಮಾತು ಮಾತ್ರ ಹೋಗಿಲ್ಲ. ನಾನು ಹೇಳಿದೆ, "ಅವರು ಮನೇಲಿ ಎಮ್ಮೆ ಹಗ್ಗ ಹಿಡಿದುಕೊಂಡು ನಿಂತಿದ್ದಾರೆ. ಅವರು ಕೈ ಬಿಟ್ಟರೆ ಎಮ್ಮೆ ಓಡುತ್ತದೆ. ನಾನು ಇಲ್ಲಿಂದ ಎದ್ದರೆ ನೀವು ಓಡುತ್ತೀರಿ. ಇಬ್ಬರೂ ಅವರವರ ಕೆಲಸ ಮಾಡೋಣ."

ಆಮೇಲೆ ಮುಖ್ಯವಾದ ಮಾತನ್ನು ಮೊದಲೇ ಆಡಿಬಿಟ್ಟೆ. "ಬಾವಿ ಯಾರದ್ದು ಅಂತ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಅದು ಸಿವಿಲ್ ಕೋರ್ಟಿನ ಕೆಲಸ. ಅಲ್ಲಿಗೆ ಹೋಗುವವರು ಈಗಲೇ ಹೋಗಬಹುದು, ಬಸ್ಸು ಹತ್ತೂವರೆಗಿದೆ. ಇಲ್ಲೇ ಕೂರುವವರು ನೀರು ಹೇಗೆ ಹಂಚಿಕೊಳ್ಳುವುದು ಅಂತ ಮಾತ್ರ ಮಾತಾಡಿ." ಬಸ್ಸಿಗೆ ಯಾರೂ ಏಳಲಿಲ್ಲ.

ದೊಡ್ಡ ಮಾವ ಚೀಲದಿಂದ ಹಳೆಯ ಪಾಲು ಪತ್ರ ತೆಗೆದರು. ಅವರ ಅಜ್ಜನ ಕಾಲದ್ದು. ಬಾವಿಯಲ್ಲಿ ಅರ್ಧರ್ಧ ಹಕ್ಕು, ಕಪಿಲೆ ಒಂದು ದಿನ ದೊಡ್ಡ ಮನೆಗೆ, ಒಂದು ದಿನ ಚಿಕ್ಕ ಮನೆಗೆ ಅಂತ ಅದರಲ್ಲಿ ಬರೆದಿತ್ತು. "ನೋಡಮ್ಮ, ದಿನ ಬಿಟ್ಟು ದಿನ. ನನ್ನ ದಿನ ನಾನು ಎಷ್ಟಾದರೂ ಎಳೀತೀನಿ."

ನನಗೆ ಇಡೀ ಜಗಳ ಅರ್ಥವಾದದ್ದು ಆ ಕಪಿಲೆ ಅನ್ನುವ ಪದದಲ್ಲಿ. "ಮಾವ, ಇದು ಎತ್ತಿಗೆ ಬರೆದ ಪತ್ರ. ಎತ್ತು ಹಿಂದೆ ಮುಂದೆ ನಡೆದು ಬಾನಿ ಎತ್ತಬೇಕಿತ್ತು. ಹೊತ್ತು ಏರಿದರೆ ಎತ್ತಿಗೆ ಸುಸ್ತಾಗುತ್ತಿತ್ತು, ಬಿಚ್ಚಿ ನೆರಳಿಗೆ ಕಟ್ಟುತ್ತಿದ್ದರು. ಅಷ್ಟರಲ್ಲಿ ಬಾವಿಗೆ ನೀರು ಬರುತ್ತಿತ್ತು. ನಿಮ್ಮ ಅಜ್ಜ ದಿನ ಹಂಚಿದರೆ ನೀರೂ ತಾನಾಗಿ ಹಂಚಿಹೋಗುತ್ತಿತ್ತು. ನಿಮ್ಮ ಐದು ಎಚ್‌ಪಿ ಮೋಟಾರಿಗೆ ಸುಸ್ತಾಗುತ್ತದಾ?"

"ಸುಸ್ತಾಗಲ್ಲ," ಅಂತ ಗುಂಪಿನಲ್ಲಿ ಯಾರೋ ಅಂದರು, "ಸುಟ್ಟುಹೋಗುತ್ತದೆ." ಆ ವರ್ಷ ಇಬ್ಬರ ಮೋಟಾರೂ ಒಂದೊಂದು ಸಲ ಸುಟ್ಟಿತ್ತು. ಬಾವಿ ಬರಿದಾದ ಮೇಲೂ ಓಡಿಸಿದರೆ ಮತ್ತೇನಾಗುತ್ತದೆ?

ಇನ್ನೊಂದು ತೊಡಕು ಕರೆಂಟಿನದು. ನಮ್ಮ ಕಡೆ ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟ್ ಏಳು ಗಂಟೆ. ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ರಾತ್ರಿ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹೊಲಕ್ಕೆ ಹೋಗಿ ಸ್ಟಾರ್ಟರ್ ಒತ್ತಲು ಚಿಕ್ಕತ್ತೆಗೆ ಆಗುವುದಿಲ್ಲ. ಹಾವಿದೆ, ಚೇಳಿದೆ, ಒಂಟಿ ಹೆಂಗಸು. ಅವರ ದಿನ ಹಾಗೇ ಕಳೆಯುತ್ತಿತ್ತು. ಬೆಳಗಾದರೆ ದೊಡ್ಡ ಮಾವನ ದಿನ, ಬಾವಿ ತುಂಬ ನೀರು. ಪತ್ರದ ಪ್ರಕಾರ ಅವರದ್ದು ತಪ್ಪೇ ಇಲ್ಲ. ಕಾಗದ ಸರಿ, ಬೆಳೆ ಮಾತ್ರ ಒಣಗುತ್ತಿತ್ತು.

"ಇವತ್ತು ತೀರ್ಮಾನ ಇಲ್ಲ," ಅಂದೆ. "ಮೊದಲು ಬಾವಿಗೆ ಹಗ್ಗ ಬಿಡೋಣ. ನೀವಿಬ್ಬರೂ ಎರಡು ವರ್ಷದಿಂದ ಹೇಳುತ್ತಿರುವುದನ್ನು ಕೇಳಿದ್ದೇವೆ. ಬಾವಿ ಏನು ಹೇಳುತ್ತದೆ ಕೇಳೋಣ."

ಅದೊಂದು ಚೌಕ ಬಾವಿ. ಉದ್ದ 20 ಅಡಿ, ಅಗಲ 20 ಅಡಿ, ಸುತ್ತ ಕಲ್ಲು ಕಟ್ಟಡ. ಇಂಥ ಬಾವಿಯ ಲೆಕ್ಕ ಸುಲಭ. ಒಂದು ಅಡಿ ನೀರು ಅಂದರೆ 400 ಘನ ಅಡಿ. ಒಂದು ಘನ ಅಡಿಗೆ ಸುಮಾರು 28 ಲೀಟರ್. ಅಂದರೆ ಅಡಿಗೆ 11,200 ಲೀಟರ್. ಹಗ್ಗಕ್ಕೆ ಕಲ್ಲು ಕಟ್ಟಿ, ಅಡಿಗೊಂದು ಗಂಟು ಹಾಕಿ ಬಿಟ್ಟೆವು. ಆಳ 36 ಅಡಿ ಅಂತ ಹಿರಿಯರು ಹೇಳುತ್ತಿದ್ದರು. ನಮ್ಮ ಕಲ್ಲು 30ಕ್ಕೇ ಕೂತಿತು. ಮೇಲೆ ಎಳೆದಾಗ ಕಲ್ಲಿಗೆ ಕಪ್ಪು ಕೆಸರು ಮೆತ್ತಿತ್ತು. ಆರು ಅಡಿ ಹೂಳು!

ಸಂಜೆ ಆರಕ್ಕೆ, ಎರಡು ಅಡಿ ನೀರು ಉಳಿಯುವವರೆಗೆ ಎಳೆಸಿ ಮೋಟಾರ್ ನಿಲ್ಲಿಸಿದೆವು. ಆ ರಾತ್ರಿ ಎರಡೂ ಫ್ಯೂಸು ನನ್ನ ಬ್ಯಾಗಿನಲ್ಲಿದ್ದವು. ಎರಡೂ ಮನೆಯ ಹುಡುಗರನ್ನು ಬಾವಿಯ ಹತ್ತಿರ ಕೂರಿಸಿ, ಗಂಟೆಗೊಂದು ಸಲ ಅಳೆದು ಬರೆಯಲು ಹೇಳಿದೆ. ಮೊದಲ ಗಂಟೆಯಲ್ಲಿ ಒಂಬತ್ತು ಅಂಗುಲ ಏರಿತ್ತು. ಬೆಳಗಿನ ಜಾವ ಗಂಟೆಗೆ ಎರಡೇ ಅಂಗುಲ. ಆರು ಗಂಟೆಗೆ ನೋಡಿದರೆ ಒಟ್ಟು ಐದು ಅಡಿ, ಅಂದರೆ 56,000 ಲೀಟರ್.

ಇಲ್ಲೊಂದು ಸೂಕ್ಷ್ಮ ಇದೆ. ಬಾವಿಯಲ್ಲಿ ನೀರು ಮೇಲೆ ಬಂದಷ್ಟೂ ಸೆಲೆ ನಿಧಾನವಾಗುತ್ತದೆ. ಹಾಗಾಗಿ ಎರಡು ದಿನ ಕಾದರೆ ಎರಡರಷ್ಟು ನೀರು ಸಿಗುವುದಿಲ್ಲ. ಚಿಕ್ಕತ್ತೆಯ ರಾತ್ರಿಗಳು ಹಾಗೇ ಹೋದಾಗ ಅವರಿಗೆ ನಷ್ಟವಾಯಿತು, ದೊಡ್ಡ ಮಾವನಿಗೆ ಅಷ್ಟು ಲಾಭವೂ ಆಗಲಿಲ್ಲ. ಅವರ ಮುಖ ನೋಡಬೇಕಿತ್ತು ಆಗ.

ಆಮೇಲೆ ಮೋಟಾರಿನ ಬಾಯಿಗೆ 200 ಲೀಟರಿನ ಡ್ರಮ್ ಇಟ್ಟೆವು. 30 ಸೆಕೆಂಡಿಗೆ ತುಂಬಿತು. ಗಂಟೆಗೆ 24,000 ಲೀಟರ್. ಎಳೆಯುವಾಗಲೂ ಸೆಲೆಯಿಂದ ಒಂದಷ್ಟು ಬರುತ್ತಿರುತ್ತದೆ. ಹೇಗೆ ನೋಡಿದರೂ ಸುಮಾರು ಮೂರು ಗಂಟೆಗೆ ಆ ಐದು ಅಡಿ ಮುಗಿಯುತ್ತದೆ. ಕರೆಂಟ್ ಏಳು ಗಂಟೆ, ನೀರು ಮೂರು ಗಂಟೆ. ಮಿಕ್ಕ ನಾಲ್ಕು ಗಂಟೆ ಇಷ್ಟು ವರ್ಷ ಏನು ಎಳೆಯುತ್ತಿದ್ದಿರಿ ಅಂತ ಕೇಳಿದೆ. "ಗಾಳಿ," ಅಂದರು ದೊಡ್ಡ ಮಾವ. "ಆ ಗಾಳಿಗಾ ಮಾವ, ನೀವು ಫ್ಯೂಸು ಕಿತ್ತದ್ದು?" ಮೊದಲ ಸಲ ಚಿಕ್ಕತ್ತೆ ನಕ್ಕರು. ದೊಡ್ಡತ್ತೆ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡರು.

ಎರಡನೆಯ ಸಲ ಕಟ್ಟೆಯ ಹತ್ತಿರ ಸೇರಿದಾಗ ನಾನು ಹೇಳಿದ್ದನ್ನು ಹಾಗೇ ಓದುತ್ತೇನೆ, ಚೀಟಿ ಇಟ್ಟುಕೊಂಡಿದ್ದೇನೆ.

"ಇನ್ನು ಮೇಲೆ ದಿನ ಹಂಚುವುದಿಲ್ಲ, ನೀರು ಹಂಚುತ್ತೇವೆ. ಬಾವಿಯ ಗೋಡೆಗೆ ಎರಡು ಗೆರೆ ಎಳೆಯಿರಿ. ಈಗಿನ ತಳದಿಂದ ಎರಡು ಅಡಿಗೆ ಕೆಂಪು ಗೆರೆ. ಅದರ ಮೇಲೆ ಐದು ಅಡಿಗೆ ಬಿಳಿ ಗೆರೆ. ನೀರು ಬಿಳಿ ಗೆರೆ ಮುಟ್ಟಿದರೆ ಒಂದು ಸರದಿ ಶುರು. ಕೆಂಪು ಗೆರೆ ಕಂಡರೆ ಆ ಸರದಿ ಮುಗೀತು. ಮತ್ತೆ ಬಿಳಿ ಗೆರೆಗೆ ಬಂದ ಮೇಲೆ ಇನ್ನೊಬ್ಬರ ಸರದಿ. ಮಧ್ಯದಲ್ಲಿ ಕರೆಂಟ್ ಹೋದರೆ ಸರದಿ ಹೋಗುವುದಿಲ್ಲ, ಬಂದಾಗ ಮುಂದುವರಿಸಿ. ಬೇಸಿಗೆಯಲ್ಲಿ ಬಿಳಿ ಗೆರೆಗೆ ಬರಲು ಎರಡು ದಿನ ಆದರೆ ಇಬ್ಬರೂ ಎರಡು ದಿನ ಕಾಯಿರಿ. ಕೆಂಪು ಗೆರೆಯ ಕೆಳಗಿನ ನೀರು ದನಕ್ಕೆ, ಕೊಡಕ್ಕೆ. ಅದಕ್ಕೆ ಮೋಟಾರಿನ ಬಾಯಿ ಹಾಕಿದವರು ಒಂದು ಸರದಿ ಕಳೆದುಕೊಳ್ಳುತ್ತಾರೆ. ರಾತ್ರಿ ಕರೆಂಟಿನ ವಾರದಲ್ಲಿ ಚಿಕ್ಕತ್ತೆಯ ಸರದಿ ಬಂದರೆ ದೊಡ್ಡ ಮಾವನ ಮಗ ಅವರ ಮೋಟಾರ್ ಹಾಕಿ ಆರಿಸಬೇಕು. ಬದಲಿಗೆ ಹಗಲಿನ ವಾರದಲ್ಲಿ ಇಬ್ಬರ ಹೊಲಕ್ಕೂ ಮಡಿ ತಿರುಗಿಸುವುದು ಚಿಕ್ಕತ್ತೆಯ ಕೆಲಸ."

ಹುಡುಗ ಗೊಣಗಿದ. "ನಿದ್ದೆ ಕೆಡುತ್ತಲ್ಲಕ್ಕ." "ಫೋನ್ ನೋಡುತ್ತಾ ಎರಡು ಗಂಟೆವರೆಗೆ ಎದ್ದೇ ಇರುತ್ತೀಯಲ್ಲಪ್ಪ. ಬಾವಿಯ ಹತ್ತಿರ ಕೂತು ನೋಡು."

ಬತ್ತದ ಮಾತೂ ಬಂತು. ದೊಡ್ಡ ಮಾವ ಒಂದು ತುಂಡು ಗದ್ದೆ ಮಾಡಿದ್ದರು. ಒಂದು ಸರದಿಯ ನೀರನ್ನು ಒಂದು ಎಕರೆಗೆ ಹರಡಿದರೆ ನಿಲ್ಲುವುದು ಅರ್ಧ ಅಂಗುಲ. "ಗದ್ದೆ ಮಾಡಬೇಡಿ ಅನ್ನಲು ನಾನು ಯಾರು? ಬಾವಿ ಅನ್ನುತ್ತಿದೆ, ಕೇಳಿಸಿಕೊಳ್ಳಿ," ಅಂದೆ. ಅವರು ಏನೂ ಹೇಳಲಿಲ್ಲ. ಮುಂದಿನ ಬೇಸಿಗೆಗೆ ಅಲ್ಲಿ ಹುರುಳಿ ಇತ್ತು.

ಒಪ್ಪಿದ್ದನ್ನೆಲ್ಲ ರಾಜಿ ಪತ್ರ ಅಂತ ಬರೆಸಿ, ಇಬ್ಬರ ಸಹಿ, ನಾಲ್ಕು ಸಾಕ್ಷಿ ಹಾಕಿಸಿದೆವು. ಪ್ರತಿ ಮನೆಗೆ ಒಂದೊಂದು. ಅದು ಕೋರ್ಟಿನ ಆದೇಶ ಅಲ್ಲ ಅನ್ನುವುದು ನನಗೆ ಗೊತ್ತು, ಅವರಿಗೂ ಗೊತ್ತು. ಆದರೆ ಗೋಡೆಯ ಗೆರೆ ಎಲ್ಲರ ಕಣ್ಣಿಗೂ ಕಾಣುತ್ತದೆ. ರಾತ್ರಿ ಕದ್ದು ಎಳೆದರೆ ಬೆಳಿಗ್ಗೆ ಕೊಡ ತಂದ ಹೆಂಗಸರಿಗೆ ಮೊದಲು ಗೊತ್ತಾಗುತ್ತದೆ. ಅವರ ಬಾಯಿಗಿಂತ ದೊಡ್ಡ ಪೊಲೀಸು ನಮ್ಮೂರಲ್ಲಿಲ್ಲ.

ಮುಂದಿನ ವರ್ಷ ಮಳೆಗೆ ಮೊದಲು ಹೂಳು ತೆಗೆಸಿದರು, ಖರ್ಚು ಅರ್ಧರ್ಧ. ಇಳಿಯುವವರಿಗೆ ನಾನು ಕಟ್ಟು ಹಾಕಿದ್ದೆ. ಮೊದಲು ಉರಿಯುವ ಲಾಟೀನು ಇಳಿಸಿ. ದೀಪ ಆರಿದರೆ ಕೆಳಗೆ ಉಸಿರಾಡುವ ಗಾಳಿ ಇಲ್ಲ, ಯಾರೂ ಇಳಿಯುವ ಹಾಗಿಲ್ಲ. ಆರದಿದ್ದರೂ ಸೊಂಟಕ್ಕೆ ಹಗ್ಗ ಇಲ್ಲದೆ ಇಳಿಯುವ ಹಾಗಿಲ್ಲ. ಬಾವಿಯ ಒಳಗೆ ಡೀಸೆಲ್ ಎಂಜಿನ್ ಅಂತೂ ಇಡಲೇಬಾರದು, ಅದರ ಹೊಗೆಯೇ ಆಳನ್ನು ಕೊಲ್ಲುತ್ತದೆ. ಆರು ಅಡಿ ಹೂಳು ಎರಡೂ ಹೊಲಕ್ಕೆ ಗೊಬ್ಬರವಾಗಿ ಹೋಯಿತು. ತಳದಲ್ಲಿ ಮುಚ್ಚಿಹೋಗಿದ್ದ ಒಂದು ಸೆಲೆಯೂ ತೆರೆಯಿತು. ಗೆರೆಗಳನ್ನು ಅಳಿಸಿ ಕೆಳಗೆ ಹೊಸದಾಗಿ ಎಳೆದೆವು.

ಹೂಳಿನ ಜೊತೆ ಒಂದು ಹಿತ್ತಾಳೆ ಬಿಂದಿಗೆಯೂ ಮೇಲೆ ಬಂತು. ಕಂಠದ ಹತ್ತಿರ ಕೆತ್ತಿದ ಹೆಸರು ಪೂರ್ತಿ ಸವೆದಿದೆ. ನಮ್ಮತ್ತೆಯದು ಅಂತ ದೊಡ್ಡತ್ತೆ. ನನಗೂ ಅವರು ಅತ್ತೆಯೇ ತಾನೇ ಅಂತ ಚಿಕ್ಕತ್ತೆ. ಸದ್ಯಕ್ಕೆ ಬಿಂದಿಗೆ ಪಂಚಾಯಿತಿ ಕಚೇರಿಯಲ್ಲಿ ನನ್ನ ಕುರ್ಚಿಯ ಹಿಂದಿದೆ. ಇಬ್ಬರೂ ವಾರಕ್ಕೊಮ್ಮೆ ಬಂದು ಇದೆಯಾ ಅಂತ ನೋಡಿಕೊಂಡು ಹೋಗುತ್ತಾರೆ. ಈಚೆಗೆ ಒಟ್ಟಿಗೇ ಬರುತ್ತಾರೆ.

ನಮಸ್ಕಾರ.